ಪರಿಚಯದ ನಾಲ್ಕು ಸಾಲಲ್ಲಿ ಕಿವಿಯ ವಿಷಯ ಬೇಕಾ?

ಕುಂಬಳೆಯ ಒಬ್ಬರು ಮಲಯಾಳದಿಂದ ಕನ್ನಡಕ್ಕೆ ಅನುವಾದ ಮಾಡುತ್ತಾರೆ ಎಂದುಕೊಳ್ಳಿ. ಅವರಿಗೆ ಎರಡೂ ಕಿವಿ ಮಂದ. ಶ್ರವಣ ಯಂತ್ರ ಹಾಕಿಕೊಂಡು ಎದುರಿಗೆ ಕೂತು ಮಾತಾಡಿದರೆ ತೊಂದರೆಯಿಲ್ಲ, ಫೋನಿನಲ್ಲಿ ಮಾತ್ರ ಅರ್ಧ ಮಾತು ತಪ್ಪಿಹೋಗುತ್ತದೆ. ಪ್ರಕಾಶಕರಿಗೆ ಕಳಿಸುವ ಪರಿಚಯದಲ್ಲಿ ಇದನ್ನು ಹಾಕಬೇಕಾ, ಬೇಡವಾ?

ಮೊದಲು ಅರ್ಜಿ ಬೇರೆ, ಪರಿಚಯ ಬೇರೆ ಎಂದು ವಿಂಗಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಶೇ. 40 ಅಥವಾ ಹೆಚ್ಚು ಅಂಗವೈಕಲ್ಯ ಇರುವವರಿಗೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4 ಮೀಸಲಾತಿ ಇದೆ. ಅದು ಬೇಕಿದ್ದರೆ ಅರ್ಜಿಯಲ್ಲಿ ಹೇಳಲೇಬೇಕು, ಪ್ರಮಾಣಪತ್ರವನ್ನೂ ಕೊಡಬೇಕು. ಪರಿಚಯದಲ್ಲಿ ಬರೆದರೆ ಆ ಸೌಲಭ್ಯವೇನೂ ಸಿಗುವುದಿಲ್ಲ. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ: ನೀವೇ ಸಾರ್ವಜನಿಕವಾಗಿ ಹಾಕಿದ ಮಾಹಿತಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇಲ್ಲ. ಯಾರಾದರೂ ನಕಲು ಮಾಡಿಕೊಂಡರೆ ಹಿಂದಕ್ಕೆ ಪಡೆಯುವುದು ಕಷ್ಟ.

ಆಮೇಲೆ, ಓದುವವರು ಇದನ್ನು ತಿಳಿದು ಏನು ಮಾಡಬೇಕು ಎಂದು ಕೇಳಿಕೊಳ್ಳಿ. ನಮ್ಮ ಅನುವಾದಕಿಗೆ ಬೇಕಾದದ್ದು ಒಂದೇ, ಜನ ಫೋನ್ ಮಾಡಬಾರದು. ಹಾಗಿದ್ದರೆ ಕಾಯಿಲೆಯ ಹೆಸರು ಯಾಕೆ? 'ಮಾತುಕತೆಗೆ ವಾಟ್ಸಾಪ್ ಸಂದೇಶ ಅಥವಾ ಇಮೇಲ್ ಕಳಿಸಿ' ಎಂದರೆ ಸಾಕು. ಕಾಸರಗೋಡಿನಲ್ಲಿ ಕನ್ನಡದ ಜೊತೆ ಮಲಯಾಳದ ಪರಿಚಯವೂ ಓಡಾಡುತ್ತದಲ್ವಾ, ಎರಡರಲ್ಲೂ ಈ ಸಾಲು ಇರಲಿ. ಒಂದರಲ್ಲಿ ಬರೀ ಮೊಬೈಲ್ ನಂಬರ್ ಉಳಿದರೆ ಅಲ್ಲಿಂದಲೇ ಕರೆ ಬರುತ್ತದೆ.

ಆದರೆ ಅವರು ಕಿವುಡರಿಗಾಗಿ ವಿಡಿಯೊಗಳಿಗೆ ಉಪಶೀರ್ಷಿಕೆ ಬರೆಯುವ ಕೆಲಸ ಕೇಳುತ್ತಿದ್ದರೆ ಲೆಕ್ಕ ಬದಲಾಗುತ್ತದೆ. ಅಲ್ಲಿ ಕಿವಿ ಮಂದ ಎನ್ನುವುದೇ ಅನುಭವ. ಆಗ ನೇರವಾಗಿ ಬರೆಯಲಿ, ಆದರೆ ಕೆಲಸದ ಜೊತೆ ಸೇರಿಸಿ: 'ನನಗೂ ಕಿವಿ ಸರಿಯಾಗಿ ಕೇಳಿಸದ ಕಾರಣ ಯಾವ ಸದ್ದನ್ನು ಬರೆದು ತೋರಿಸಬೇಕು ಎಂದು ಗೊತ್ತು.' ಅಪಸ್ಮಾರ, ಖಿನ್ನತೆಯಂಥವು ಕೆಲಸಕ್ಕೆ ಸಂಬಂಧವೇ ಇಲ್ಲದಿದ್ದರೆ ನಾನಂತೂ ಬಿಟ್ಟುಬಿಡುತ್ತೇನೆ. ಬೇಕಾದಾಗ ಮಾತಿನಲ್ಲಿ ಹೇಳಬಹುದು.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಕಾಲದಿಂದ, ಇಲ್ಲಿ ಅಂಗವೈಕಲ್ಯ ಎಂದ ಕೂಡಲೇ 'ಸಂತ್ರಸ್ತೆ' ಎಂಬ ಮಾತು ಬಂದುಬಿಡುತ್ತದೆ. ಪರಿಚಯದ ಕೊನೆಯಲ್ಲಿ ಒಂದು ಸಾಲು ಇದ್ದರೂ ಕಾರ್ಯಕ್ರಮದ ನಿರೂಪಕರು ಅದನ್ನೇ ಮೊದಲು ಓದುತ್ತಾರೆ, ಅನುವಾದಿಸಿದ ಪುಸ್ತಕಗಳ ಹೆಸರು ಹಿಂದೆ ಬೀಳುತ್ತದೆ. ಹಾಗಾಗಿ ಸಂಘಟಕರಿಗೆ ಕಳಿಸುವಾಗ ವೇದಿಕೆಯಲ್ಲಿ ಓದುವ ಮೂರು ವಾಕ್ಯಗಳನ್ನು ಬೇರೆಯಾಗಿಯೇ ಬರೆದುಕೊಡಿ. ಸಭೆಯ ಮೊದಲ ಸಾಲಿನಲ್ಲಿ ಕುರ್ಚಿ, ಮೈಕಿನ ಬದಲು ಚೀಟಿಯಲ್ಲಿ ಪ್ರಶ್ನೆ, ಇಂಥ ಏರ್ಪಾಡುಗಳನ್ನು ಇನ್ನೊಂದು ಸಂದೇಶದಲ್ಲಿ ಹಾಕಿ, 'ಇದು ನಿಮಗೆ ಮಾತ್ರ, ಓದಲಿಕ್ಕಲ್ಲ' ಎಂದು ಸೇರಿಸಿ.