ಹಾಲಿನ ಪ್ಯಾಕೆಟ್ ಇಟ್ಟು ತಕ್ಕಡಿ ಚೆಕ್ ಮಾಡ್ಬೇಡಿ

ಮಂಡ್ಯದಲ್ಲಿದ್ಕೊಂಡು ಬೆಲ್ಲದ ತೂಕದಲ್ಲಿ ಮೋಸ ಹೋದ್ನಲ್ಲ ಅಂತ ಹೋದ ಸಂಕ್ರಾಂತಿಲಿ ನಂಗೆ ತುಂಬಾ ಬೇಜಾರಾಗಿತ್ತು. ಒಂದು ಕೆಜಿ ಅಚ್ಚುಬೆಲ್ಲ ತಂದು ಅಡುಗೆಮನೆ ಡಿಜಿಟಲ್ ತಕ್ಕಡಿ ಮೇಲಿಟ್ರೆ 967 ಗ್ರಾಂ ತೋರಿಸ್ತು. ಎತ್ತಿ ಎತ್ತಿ ಐದು ಸಲ ಇಟ್ಟೆ, 966, 968, ಮಿಕ್ಕಿದ್ದೆಲ್ಲ 967. ಅನುಮಾನಕ್ಕೆ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ನೂ ಇಟ್ಟೆ, ಸರಿಯಾಗಿ 500 ಬಂತು, ಸರಿ ನಮ್ ತಕ್ಕಡಿ ನೆಟ್ಟಗಿದೆ ಅಂತ ಅಂಗಡಿಯವ್ರ ಹತ್ರ ಹೋಗಿ ಜೋರಾಗೇ ಕೇಳ್ಬಿಟ್ಟೆ.

ಅವ್ರು ಒಂದ್ ಮಾತೂ ಆಡ್ದೆ, ಸರ್ಕಾರದ ಮುದ್ರೆ ಇರೋ 200 ಗ್ರಾಂ, 500 ಗ್ರಾಂ ತೂಕದ ಕಲ್ಲು ಎರಡೂ ಕೈಗೆ ಕೊಟ್ಟು, ಮನೇಲಿಟ್ಟು ನೋಡಿ ಅಮ್ಮ ಅಂದ್ರು. 500ರ ಕಲ್ಲು ಐದು ಸಲ ಇಟ್ರೆ 484, 485, 483, 484, 484, ಸರಾಸರಿ 484. 200ರ ಕಲ್ಲು ಇಟ್ರೆ ಸರಾಸರಿ 193.6. ಅಂದ್ರೆ ನಮ್ ತಕ್ಕಡಿ ನೂರಕ್ಕೆ ಮೂರು ಗ್ರಾಂಗಿಂತ ಸ್ವಲ್ಪ ಜಾಸ್ತಿನೇ ಕಮ್ಮಿ ತೋರಿಸ್ತಿತ್ತು. ಮತ್ತೆ ಹಾಲು? ಹಾಲು ನೀರಿಗಿಂತ ಭಾರ ಕಣ್ರಪ್ಪಾ, ಅರ್ಧ ಲೀಟರ್ ಸುಮಾರು 515 ಗ್ರಾಂ ತೂಗುತ್ತೆ, ಮೇಲೆ ಕವರ್ ಬೇರೆ. ತಕ್ಕಡಿ ಕಮ್ಮಿ ತೋರಿಸಿದ್ದು, ಹಾಲು ಹೆಚ್ಚಿಗಿದ್ದಿದ್ದು, ಎರಡೂ ಸೇರಿ 500 ಬಂದು ನನ್ನನ್ನ ನಂಬಿಸಿಬಿಡ್ತು.

ಐದು ಸಲ ತೂಗಿದ್ದು ದಂಡ ಅಲ್ಲ. ಒಂದೊಂದು ಸಲ ಒಂದೊಂದು ಗ್ರಾಂ ಅತ್ತಿತ್ತ ಆಗೋದು, ಫ್ಯಾನ್ ಗಾಳಿಗೋ ಪಾತ್ರೆ ಮೂಲೆಗೆ ಇಟ್ಟಿದ್ದಕ್ಕೋ, ಅದು ಸರಾಸರಿ ತೆಗೆದ್ರೆ ಹೆಚ್ಚುಕಮ್ಮಿ ಕಳೆದೋಗುತ್ತೆ. ಆದ್ರೆ ಪ್ರತಿ ಸಲಾನೂ ಒಂದೇ ಕಡೆಗೆ ತಪ್ಪೋ ತಪ್ಪು ನೂರು ಸಲ ತೂಗಿದ್ರೂ ಹೋಗಲ್ಲ, ಅದನ್ನ ಹಿಡಿಯೋಕೆ ಗೊತ್ತಿರೋ ತೂಕನೇ ಬೇಕು. ಸುಮ್ನೆ ಇಟ್ಟು ನೋಡ್ತಾ ಕೂತ್ರೆ ಐದು ಸಲ ಅಲ್ಲ, ಪೂರ್ತಿ ಎತ್ತಿ, ಸೊನ್ನೆ ಬಂದಿದ್ಯಾ ನೋಡಿ, ತಟ್ಟೆ ಮಧ್ಯಕ್ಕೇ ಇಡ್ಬೇಕು, ಕೆಳಗೆ ಮೆತ್ತನೆ ಬಟ್ಟೆ ಮ್ಯಾಟು ಇರ್ಬಾರ್ದು.

ಎರಡು ಕಲ್ಲು ಯಾಕೆ ಅಂದ್ರೆ, ಎರಡರಲ್ಲೂ ಒಂದೇ ಅಷ್ಟು ಗ್ರಾಂ ಕಮ್ಮಿ ಬಂದಿದ್ರೆ ಸೊನ್ನೆ ಸರಿಯಿಲ್ಲ ಅಂತ, ಅಷ್ಟನ್ನ ಹಾಗೇ ಸೇರಿಸಿದ್ರೆ ಆಯ್ತು. ನಮ್ದು ತೂಕ ಏರ್ದಂಗೆ ತಪ್ಪೂ ಏರ್ತಿತ್ತು, ಅದಕ್ಕೆ 'ಸಾವಿರಕ್ಕೆ 33 ಸೇರಿಸು' ಅಂತ ಚೀಟಿ ಅಂಟಿಸಿದೀನಿ. ಬೆಲ್ಲದ 967ಕ್ಕೆ ಆ ಲೆಕ್ಕದಲ್ಲಿ 32 ಸೇರಿದ್ರೆ 999. ಒಂದು ಗ್ರಾಂ ನಮ್ ತಕ್ಕಡಿ ಕೈಗೇ ಸಿಗೋದಲ್ಲ, ಅಂಗಡಿಯವ್ರು ಸರಿಯಾಗೇ ಕೊಟ್ಟಿದ್ರು, ಅವತ್ತೇ ಹೋಗಿ ತಪ್ಪಾಯ್ತು ಅಂತ ಹೇಳಿ ಬಂದೆ.

ಕಲ್ಲು ಸಿಗ್ದಿದ್ರೆ 2011ರಿಂದ 2018ರ ಒಳಗಿನ ಹಳದಿ 5 ರೂಪಾಯಿ ನಾಣ್ಯ ಸವೆಯದೇ ಇರೋದು ಹತ್ತು ಇಡಿ, ಒಂದೊಂದು 6 ಗ್ರಾಂ, ಒಟ್ಟು 60. ಏಲಕ್ಕಿ, ಉಪ್ಪು ತೂಗೋವಷ್ಟಕ್ಕೆ ಪರ್ವಾಗಿಲ್ಲ, ಕೆಜಿ ಲೆಕ್ಕಕ್ಕೆ ಸಾಲಲ್ಲ, ಅಷ್ಟು ಚಿಕ್ಕ ತೂಕದಲ್ಲಿ ತಪ್ಪು ಎರಡು ಗ್ರಾಮೂ ಬರಲ್ಲ, ಎಷ್ಟು ಅಂತ ಸರಿಯಾಗಿ ಗೊತ್ತಾಗಲ್ಲ. ಸೆಲ್ ಬದಲಾಯಿಸಿದಾಗ, ತಕ್ಕಡಿ ಕೆಳಗೆ ಬಿದ್ದಾಗ ಹಳೇ ಚೀಟಿ ಕಿತ್ತಾಕಿ ಕಲ್ಲಿಟ್ಟು ಮತ್ತೆ ನೋಡ್ಕೊಳ್ಳಿ.