ವಿಮರ್ಶಕರ ಅನುಮಾನ ಒಪ್ಪಿ, ಅವರ ಪರಿಹಾರ ಬೇಡವೆನ್ನುವುದು ಹೇಗೆ?

ಜರ್ನಲ್‌ಗೆ ಕಳಿಸಿದ ಸಂಶೋಧನಾ ಲೇಖನ ‘ಪ್ರಮುಖ ತಿದ್ದುಪಡಿ ಅಗತ್ಯ’ ಎಂಬ ಪತ್ರದೊಂದಿಗೆ ಮರಳಿದಾಗ ಹೊಸ ಸಂಶೋಧಕರು ಕೇಳಿದ್ದನ್ನೆಲ್ಲ ಮರುಮಾತಿಲ್ಲದೆ ಮಾಡಿಬಿಡುತ್ತಾರೆ, ಇಲ್ಲವೇ ವಾದಕ್ಕೆ ನಿಲ್ಲುತ್ತಾರೆ. ಎರಡರಿಂದಲೂ ಲೇಖನ ಕೆಡುತ್ತದೆ. ವಿಧಾನದ ಬಗ್ಗೆ ಬರುವ ಬಹುತೇಕ ಆಕ್ಷೇಪಗಳಲ್ಲಿ ವಿಮರ್ಶಕರಿಗೆ ಬಂದ ಅನುಮಾನವೂ ಇರುತ್ತದೆ, ಅದಕ್ಕೆ ಅವರು ಸೂಚಿಸುವ ಪರಿಹಾರವೂ ಇರುತ್ತದೆ. ಅನುಮಾನ ನ್ಯಾಯವಾದದ್ದಾಗಿದ್ದು ಪರಿಹಾರ ಮಾತ್ರ ತಪ್ಪಾಗಿರುವುದುಂಟು. ಇವೆರಡನ್ನೂ ಬೇರ್ಪಡಿಸಿ ನೋಡಿದರೆ ಉತ್ತರ ಬರೆಯುವ ದಾರಿ ತಾನಾಗಿ ತೆರೆದುಕೊಳ್ಳುತ್ತದೆ. ವೈದ್ಯಕೀಯ ಲೇಖಕರು ಪದೇ ಪದೇ ಎದುರಿಸುವ ಒಂದು ಆಕ್ಷೇಪವನ್ನೇ ತೆಗೆದುಕೊಂಡು ಇದನ್ನು ನೋಡೋಣ.

ಮೊದಲು ಆಕ್ಷೇಪವನ್ನು ಬಿಡಿಸಿ

ವಿಮರ್ಶಕರ ಮಾತುಗಳನ್ನು ಒಂದಕ್ಷರವೂ ಬದಲಿಸದೆ ಬೇರೆ ಕಡತಕ್ಕೆ ನಕಲು ಮಾಡಿ, ಪ್ರತಿ ಆಕ್ಷೇಪಕ್ಕೂ ಒಂದು ಸಂಖ್ಯೆ ಕೊಡಿ. ಒಂದೇ ಪ್ಯಾರಾದಲ್ಲಿ ಮೂರು ಪ್ರಶ್ನೆಗಳಿದ್ದರೆ ಮೂರಾಗಿ ಒಡೆಯಿರಿ. ಒಂದಕ್ಕೆ ಉತ್ತರಿಸಿ ಉಳಿದೆರಡನ್ನು ಮರೆತರೆ, ಬೇಕೆಂದೇ ಜಾರಿಕೊಂಡಂತೆ ಕಾಣುತ್ತದೆ.

ಈಗ ನಮ್ಮ ಉದಾಹರಣೆ. ಇದರ ಅಂಕಿಗಳು ಕಲ್ಪಿತ. ಗರ್ಭಿಣಿಯರ ಒಂದು ಗುಂಪಿಗೆ ಕಬ್ಬಿಣಾಂಶದ ಮಾತ್ರೆಯನ್ನು ದಿನವೂ, ಇನ್ನೊಂದಕ್ಕೆ ದಿನ ಬಿಟ್ಟು ದಿನವೂ ಕೊಡಲಾಗಿದೆ. ಪ್ರತಿ ಗುಂಪಿಗೆ 60 ಮಂದಿ ಸೇರಿದ್ದರು, 54 ಮಂದಿ ಕೊನೆಯವರೆಗೆ ಉಳಿದರು. ದಿನ ಬಿಟ್ಟು ದಿನ ತೆಗೆದುಕೊಂಡವರ ಹಿಮೋಗ್ಲೋಬಿನ್ ಸರಾಸರಿ 1.4 ಗ್ರಾಂ, ದಿನವೂ ತೆಗೆದುಕೊಂಡವರದು 1.1 ಗ್ರಾಂ ಏರಿತು (ಪ್ರತಿ ಡೆಸಿಲೀಟರ್‌ಗೆ). ಎರಡೂ ಗುಂಪಿನ ಸ್ಟ್ಯಾಂಡರ್ಡ್ ಡೀವಿಯೇಷನ್ 1.2, ಪಿ-ಮೌಲ್ಯ 0.20. ಲೇಖಕರು ‘ಎರಡೂ ಕ್ರಮಗಳ ನಡುವೆ ವ್ಯತ್ಯಾಸವಿಲ್ಲ’ ಎಂದು ಬರೆದಿದ್ದಾರೆ. ವಿಮರ್ಶಕರ ಆಕ್ಷೇಪ ಹೀಗಿದೆ: ‘ಸ್ಯಾಂಪಲ್ ಚಿಕ್ಕದು. ವ್ಯತ್ಯಾಸವಿದ್ದೂ ಅದು ಕಾಣದೇ ಹೋಗಿರಬಹುದು. ಸಿಕ್ಕ ಫಲಿತಾಂಶದ ಆಧಾರದ ಮೇಲೆ ಅಧ್ಯಯನದ ಪವರ್ ಲೆಕ್ಕ ಹಾಕಿ ತೋರಿಸಿ.’

ಮೊದಲೆರಡು ವಾಕ್ಯಗಳು ಅನುಮಾನ, ಕೊನೆಯದು ಪರಿಹಾರ.

ಅನುಮಾನವನ್ನು ಪ್ರಾಮಾಣಿಕವಾಗಿ ತೂಗಿ

ಈ ಹಂತವನ್ನು ಹಾರಿಸಿ ಸಮರ್ಥನೆಗೆ ಧುಮುಕುವವರೇ ಹೆಚ್ಚು. ವಿಮರ್ಶಕರ ಅನುಮಾನ ಸರಿಯೇ ಎಂಬುದನ್ನು ನಿಮ್ಮದೇ ಅಂಕಿಗಳಿಂದ ಪರೀಕ್ಷಿಸಿ. ಇಲ್ಲಿ ವ್ಯತ್ಯಾಸ 0.3 ಗ್ರಾಂ. ಅದರ ಶೇ 95ರ ಕಾನ್ಫಿಡೆನ್ಸ್ ಇಂಟರ್‌ವಲ್ ಲೆಕ್ಕ ಹಾಕಿದರೆ ಮೈನಸ್ 0.16ರಿಂದ 0.76ರವರೆಗೆ ಬರುತ್ತದೆ. ಅಧ್ಯಯನ ಯೋಜಿಸುವಾಗ, ಚಿಕಿತ್ಸೆಯ ದೃಷ್ಟಿಯಿಂದ ಗಣನೀಯ ಎಂದು ಇದೇ ಲೇಖಕರು ಇಟ್ಟುಕೊಂಡಿದ್ದ ವ್ಯತ್ಯಾಸ 0.65 ಗ್ರಾಂ. ಅದು ಈ ವ್ಯಾಪ್ತಿಯ ಒಳಗೇ ಇದೆ. ಅಂದರೆ ಗಣನೀಯ ವ್ಯತ್ಯಾಸವೊಂದು ಇರುವ ಸಾಧ್ಯತೆಯನ್ನು ಈ ದತ್ತಾಂಶ ತಳ್ಳಿಹಾಕುವುದಿಲ್ಲ. ‘ವ್ಯತ್ಯಾಸವಿಲ್ಲ’ ಎಂಬ ಮಾತು ಅತಿಯಾಯಿತು. ವಿಮರ್ಶಕರು ಸರಿ, ಲೇಖನದ ಆ ವಾಕ್ಯ ಬದಲಾಗಲೇಬೇಕು.

ಪರಿಹಾರ ಏಕೆ ಸಲ್ಲದು ಎಂಬುದನ್ನು ಕಾರಣಸಹಿತ ಹೇಳಿ

ಫಲಿತಾಂಶ ಬಂದ ಮೇಲೆ, ಕಂಡ ವ್ಯತ್ಯಾಸವನ್ನೇ ನಿಜವೆಂದು ಹಿಡಿದು ಲೆಕ್ಕ ಹಾಕುವ ಪವರ್ ಹೊಸದೇನನ್ನೂ ತಿಳಿಸುವುದಿಲ್ಲ. ಅದು ಪಿ-ಮೌಲ್ಯದ್ದೇ ಇನ್ನೊಂದು ರೂಪ. ಪಿ-ಮೌಲ್ಯ ಸರಿಯಾಗಿ 0.05 ಇದ್ದಾಗ ಈ ಪವರ್ ಸುಮಾರು ಶೇ 50 ಬರುತ್ತದೆ. ಪಿ-ಮೌಲ್ಯ ಏರಿದಂತೆ ಅದು ಇಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಶೇ 25ರ ಆಸುಪಾಸು. ಹಾಗಾಗಿ ವ್ಯತ್ಯಾಸ ಸಾಬೀತಾಗದ ಯಾವ ಅಧ್ಯಯನವನ್ನು ತೆಗೆದುಕೊಂಡರೂ, ಅದರ ಸ್ಯಾಂಪಲ್ ಎಷ್ಟೇ ದೊಡ್ಡದಿದ್ದರೂ, ಈ ಲೆಕ್ಕ ‘ಪವರ್ ಸಾಲದು’ ಎಂದೇ ಹೇಳುತ್ತದೆ. ಎಲ್ಲದಕ್ಕೂ ಒಂದೇ ಉತ್ತರ ಕೊಡುವ ಲೆಕ್ಕದಿಂದ ನಿಮ್ಮ ಅಧ್ಯಯನದ ಬಗ್ಗೆ ಏನೂ ತಿಳಿಯುವುದಿಲ್ಲ.

ಇದಕ್ಕೆ ಆಧಾರ ಬೇಕು, ಆದರೆ ಹತ್ತಾರು ಬೇಡ. ಹೋಯ್ನಿಗ್ ಮತ್ತು ಹೈಸಿ 2001ರಲ್ಲಿ ‘ದಿ ಅಮೆರಿಕನ್ ಸ್ಟ್ಯಾಟಿಸ್ಟಿಶಿಯನ್’ ಪತ್ರಿಕೆಯಲ್ಲಿ ಇದನ್ನು ವಿವರವಾಗಿ ತೋರಿಸಿದ್ದಾರೆ. ಚಿಕಿತ್ಸಾ ಪ್ರಯೋಗಗಳ ವರದಿಗಾಗಿ ಇರುವ ಕನ್ಸಾರ್ಟ್ ಮಾರ್ಗಸೂಚಿಯ 2010ರ ವಿವರಣೆಯೂ ಇಂಥ ಲೆಕ್ಕದಿಂದ ಹೆಚ್ಚಿನ ಪ್ರಯೋಜನವಿಲ್ಲ, ಕಾನ್ಫಿಡೆನ್ಸ್ ಇಂಟರ್‌ವಲ್ ನೋಡುವುದೇ ಸರಿ ಎನ್ನುತ್ತದೆ. ಈ ಎರಡೇ ಸಾಕು. ಜರ್ನಲ್ ತಾನೇ ಪಾಲಿಸುವ ಮಾರ್ಗಸೂಚಿ ನಿಮ್ಮ ಪರವಾಗಿದ್ದರೆ ಅದಕ್ಕಿಂತ ಬಲವಾದ ಸಾಕ್ಷಿ ಸಿಗುವುದು ಕಷ್ಟ.

ಆದರೆ ‘ಸ್ಯಾಂಪಲ್ ಗಾತ್ರವನ್ನು ಹೇಗೆ ನಿಗದಿ ಮಾಡಿದಿರಿ’ ಎಂಬ ಪ್ರಶ್ನೆ ಬೇರೆಯದೇ, ಅದು ನ್ಯಾಯವಾದದ್ದು. 0.65 ಗ್ರಾಂ ವ್ಯತ್ಯಾಸವನ್ನು ಶೇ 80ರ ಪವರ್‌ನಲ್ಲಿ ಗುರುತಿಸಲು ಪ್ರತಿ ಗುಂಪಿಗೆ 54 ಮಂದಿ ಬೇಕು. ಶೇ 10ರಷ್ಟು ಜನ ಮಧ್ಯದಲ್ಲಿ ಬಿಡಬಹುದೆಂದು 60ಕ್ಕೆ ಏರಿಸಲಾಗಿದೆ. ಈ ಲೆಕ್ಕವನ್ನು ಲೇಖನದಲ್ಲಿ ಪೂರ್ತಿ ಕೊಡಿ. ಪ್ರಯೋಗ ಆರಂಭಕ್ಕೆ ಮೊದಲೇ ಭಾರತೀಯ ಚಿಕಿತ್ಸಾ ಪ್ರಯೋಗ ನೋಂದಣಿಯಲ್ಲಿ, ಅಂದರೆ ಸಿಟಿಆರ್‌ಐಯಲ್ಲಿ ಈ ಸಂಖ್ಯೆ ದಾಖಲಾಗಿದ್ದರೆ ನೋಂದಣಿ ಸಂಖ್ಯೆಯನ್ನೂ ನಮೂದಿಸಿ. ಫಲಿತಾಂಶ ನೋಡಿ ಲೆಕ್ಕ ಹೊಂದಿಸಿದ್ದಲ್ಲ ಎಂಬುದಕ್ಕೆ ಅದೇ ಪುರಾವೆ.

ಉತ್ತರ ಬರೆಯುವ ಬಗೆ

ಪತ್ರ ಜರ್ನಲ್‌ನ ಭಾಷೆಯಲ್ಲೇ ಹೋಗುತ್ತದೆ. ಕನ್ನಡದಲ್ಲಿ ಅದರ ಧಾಟಿ ಹೀಗಿರಬಹುದು:

‘ನಮ್ಮ ತೀರ್ಮಾನ ದತ್ತಾಂಶಕ್ಕಿಂತ ಮುಂದೆ ಹೋಗಿದೆ ಎಂಬುದನ್ನು ಈ ಟಿಪ್ಪಣಿ ತೋರಿಸಿಕೊಟ್ಟಿದೆ, ಇದಕ್ಕೆ ಕೃತಜ್ಞರು. “ವ್ಯತ್ಯಾಸವಿಲ್ಲ” ಎಂಬುದನ್ನು ತೆಗೆದು, “ವ್ಯತ್ಯಾಸ 0.3 ಗ್ರಾಂ (ಮೈನಸ್ 0.16ರಿಂದ 0.76), ಗಣನೀಯ ವ್ಯತ್ಯಾಸದ ಸಾಧ್ಯತೆಯನ್ನು ತಳ್ಳಿಹಾಕಲಾಗದು” ಎಂದು ಬರೆದಿದ್ದೇವೆ. ಫಲಿತಾಂಶ ಆಧರಿಸಿದ ಪವರ್ ಲೆಕ್ಕವನ್ನು ಸೇರಿಸಿಲ್ಲ. ಅದು ಪಿ-ಮೌಲ್ಯದಿಂದಲೇ ನಿರ್ಧಾರವಾಗುವುದರಿಂದ ವಿಮರ್ಶಕರು ಎತ್ತಿರುವ ಪ್ರಶ್ನೆಗೆ ಉತ್ತರ ಕೊಡಲಾರದು. ಆ ಪ್ರಶ್ನೆಗೆ ಕಾನ್ಫಿಡೆನ್ಸ್ ಇಂಟರ್‌ವಲ್ ನೇರವಾಗಿ ಉತ್ತರಿಸುತ್ತದೆ ಎಂದು ನಮ್ಮ ಅಭಿಪ್ರಾಯ. ಯೋಜನೆಯ ಹಂತದ ಲೆಕ್ಕವನ್ನು ವಿಧಾನ ಭಾಗದಲ್ಲಿ ವಿಸ್ತರಿಸಿದ್ದೇವೆ.’

ಒಪ್ಪಿದ್ದು ಮೊದಲು ಬಂದಿದೆ, ಮಾಡದೇ ಬಿಟ್ಟದ್ದನ್ನು ಮುಚ್ಚಿಡದೆ ಹೇಳಿದೆ, ಕಾರಣ ವಿಮರ್ಶಕರದೇ ಕಾಳಜಿಗೆ ಜೋಡಿಸಿಕೊಂಡಿದೆ. ‘ವಿಮರ್ಶಕರು ಅರ್ಥ ಮಾಡಿಕೊಂಡಿಲ್ಲ’ ಎಂಬ ಮಾತು ಎಲ್ಲಿಯೂ ಬೇಡ. ಪ್ರತಿ ಉತ್ತರಕ್ಕೂ ‘ಅಮೂಲ್ಯ ಸಲಹೆಗೆ ಹೃತ್ಪೂರ್ವಕ ಧನ್ಯವಾದಗಳು’ ಎಂದು ಅಂಟಿಸುವುದೂ ಬೇಡ. ಹತ್ತು ಸಲ ಓದಿದಾಗ ಅದರಲ್ಲಿ ಗೌರವ ಉಳಿಯುವುದಿಲ್ಲ. ಟಿಪ್ಪಣಿಯಿಂದ ಏನು ಸುಧಾರಿಸಿತೆಂದು ನಿರ್ದಿಷ್ಟವಾಗಿ ಹೇಳುವುದೇ ನಿಜವಾದ ಧನ್ಯವಾದ.

ಬದಲಾವಣೆ ಎಲ್ಲಿದೆ ಎಂದು ಪುಟ ಮತ್ತು ಸಾಲಿನ ಸಂಖ್ಯೆ ಕೊಡಿ. ತಿದ್ದುಪಡಿ ಕಾಣುವ ಪ್ರತಿಯಲ್ಲಿ ಮತ್ತು ಸ್ವಚ್ಛ ಪ್ರತಿಯಲ್ಲಿ ಸಾಲುಗಳು ಬೇರೆಯಾಗುವುದರಿಂದ, ಯಾವ ಪ್ರತಿಯ ಸಂಖ್ಯೆಗಳೆಂದು ಪತ್ರದ ಆರಂಭದಲ್ಲೇ ತಿಳಿಸಿ. ತೀರ್ಮಾನದ ವಾಕ್ಯ ಬದಲಾದರೆ ಸಾರಾಂಶದಲ್ಲೂ ಬದಲಾಗಬೇಕು. ಇದನ್ನು ಮರೆಯುವವರು ಬಹಳ, ವಿಮರ್ಶಕರು ಎರಡನೇ ಸಲ ಮೊದಲು ನೋಡುವುದೂ ಅದನ್ನೇ.

ವಿಮರ್ಶಕರು ಪಟ್ಟು ಹಿಡಿದರೆ

ಎರಡನೇ ಸುತ್ತಿನಲ್ಲೂ ಅದೇ ಬೇಡಿಕೆ ಬರಬಹುದು. ಪುರವಣಿ ಕಡತದಲ್ಲಿ ಆ ಸಂಖ್ಯೆ ಕೊಟ್ಟು ಮುಗಿಸಿ ಎಂದು ಸಲಹೆ ಕೊಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಲೇಖನದ ಜೊತೆ ಅಚ್ಚಾದ ಸಂಖ್ಯೆಯನ್ನು ಓದುಗರು ಅರ್ಥವಿದೆಯೆಂದೇ ನಂಬುತ್ತಾರೆ. ಅದರ ಬದಲು ಸಂಪಾದಕರಿಗೆ ಪ್ರತ್ಯೇಕವಾಗಿ ಚಿಕ್ಕ ಪತ್ರ ಬರೆಯಿರಿ: ಯಾವ ಟಿಪ್ಪಣಿಯಲ್ಲಿ ಭಿನ್ನಾಭಿಪ್ರಾಯ ಉಳಿದಿದೆ, ನಿಮ್ಮ ಕಾರಣವೇನು, ಈ ಒಂದು ಅಂಶವನ್ನು ಸಂಖ್ಯಾಶಾಸ್ತ್ರ ಬಲ್ಲ ಇನ್ನೊಬ್ಬರಿಗೆ ತೋರಿಸಬಹುದೇ ಎಂಬ ವಿನಂತಿ. ವಿಮರ್ಶಕರದು ಸಲಹೆ, ತೀರ್ಮಾನ ಸಂಪಾದಕರದು. ಹಾಗಾಗಿ ಈ ವಿನಂತಿ ವಿಮರ್ಶಕರ ಮೇಲಿನ ದೂರು ಆಗುವುದಿಲ್ಲ.