ಪೇಪರ್ ಓದಿ ನೋಟ್ಸ್ ಬರ್ಯೋವಾಗ್ಲೇ ಕಾಪಿ ಆಗದಂಗೆ ನೋಡ್ಕೊಳ್ಳೋದು ಹೇಗೆ

ಬೇಕು ಅಂತಾನೇ ಕದಿಯೋರು ಕಮ್ಮಿ. ಬಹಳಷ್ಟು ಸಲ ಕಾಪಿ ಆಗೋದು ಥೀಸಿಸ್ ಬರೆಯೋಕೆ ಐದಾರು ತಿಂಗಳು ಮುಂಚೆ, ನೋಟ್‌ಬುಕ್‌ನಲ್ಲೇ. ನನಗೂ ಆಗಿದೆ, ಹಳೇ ನೋಟ್ಸ್ ತೆಗೆದ್ರೆ ಒಂದು ಸೊಗಸಾದ ಪ್ಯಾರಾ ಇತ್ತು, ನಾನೇ ಯೋಚಿಸಿ ಬರೆದಿದ್ದು ಅಂದ್ಕೊಂಡು ಚಾಪ್ಟರ್‌ಗೆ ಹಾಕಿದೆ, ಗೈಡ್ ಮೂಲ ಪೇಪರ್ ಮುಂದಿಟ್ಟಾಗ ನಾಲ್ಕು ಸಾಲು ಹಾಗೇ ಅಲ್ಲಿತ್ತು. ಆ ಪುಟದಲ್ಲಿ ಯಾರ ಮಾತು ಯಾವುದು ಅನ್ನೋ ಗುರುತೇ ಹಾಕಿರಲಿಲ್ಲ.

ಅದಕ್ಕೆ ಮೊದಲನೇ ಕೆಲಸ ಗುರುತು. ನೋಟ್ಸ್‌ನ ಪ್ರತಿ ಸಾಲಿನ ಪಕ್ಕ ಒಂದಕ್ಷರ ಹಾಕಿ. ಅವರ ವಾಕ್ಯನೇ ಆದ್ರೆ 'ಉ', ಅಂದ್ರೆ ಉಲ್ಲೇಖ, ಜೊತೆಗೆ ಉದ್ಧರಣ ಚಿಹ್ನೆ. ಅವರ ವಿಚಾರ ನಿಮ್ಮ ಮಾತಲ್ಲಿದ್ರೆ 'ಸಾ', ಅಂದ್ರೆ ಸಾರ. ನಿಮಗೇ ಹೊಳೆದಿದ್ದಾದ್ರೆ 'ನ'. 'ಉ', 'ಸಾ' ಎರಡಕ್ಕೂ ಲೇಖಕರ ಹೆಸರು, ವರ್ಷ, ಪುಟ ಅಲ್ಲೇ ಬರ್ಕೊಳಿ, ಆಮೇಲೆ ಹುಡುಕ್ತೀನಿ ಅಂದ್ರೆ ಆಗಲ್ಲ.

ಇನ್ನು ಸಾರ ಬರೆಯೋದು, ಎಡವೋದು ಇಲ್ಲೇ ಜಾಸ್ತಿ. ಕಬ್ಬಿನ ಬಗ್ಗೆ ಓದ್ತಿರೋ ಮಂಡ್ಯದ ಕಡೆ ಹುಡುಗಿ ಒಬ್ಬಳು ನೋಟ್ಸ್ ತೋರಿಸಿ "ಅಕ್ಕ, ಒಂದು ಸಾಲೂ ಕಾಪಿ ಇಲ್ಲ, ಎಲ್ಲಾ ಕನ್ನಡದಲ್ಲೇ ಬರ್ದಿದೀನಿ" ಅಂದಳು. ಇಂಗ್ಲಿಷ್ ಪೇಪರ್‌ನ ಒಂದೊಂದೇ ಪದ ಕನ್ನಡಕ್ಕೆ ತಂದಿದ್ದಳು. ಅದು ಅನುವಾದ ಕಣಮ್ಮ, ನಾಳೆ ಥೀಸಿಸ್‌ಗೆ ವಾಪಸ್ ಇಂಗ್ಲಿಷ್ ಮಾಡಿದ್ರೆ ಹೆಚ್ಚುಕಮ್ಮಿ ಅವರ ವಾಕ್ಯಕ್ಕೇ ಹೋಗಿ ನಿಲ್ಲುತ್ತೆ ಅಂದೆ.

ತೋರಿಸೋಕೆ ಅಂತ ನಾನೇ ಒಂದು ವಾಕ್ಯ ಬರೆದೆ. ಅದರಲ್ಲಿ ತರಗು ಅಂದ್ರೆ ಕಬ್ಬಿನ ಒಣಗಿದ ಎಲೆ, ಕೂಳೆ ಅಂದ್ರೆ ಕಡಿದ ಬುಡದಿಂದ ಮತ್ತೆ ಚಿಗುರೋ ಬೆಳೆ. ಪೇಪರ್‌ನಲ್ಲಿ ಹೀಗಿದೆ ಅಂದ್ಕೊಳಿ: "ಕಟಾವಾದ ಮೇಲೆ ತರಗನ್ನು ಸುಡದೆ ಸಾಲಿನ ನಡುವೆ ಹೊದಿಸಿದರೆ ಮಣ್ಣಿನ ತೇವ ಉಳಿಯುತ್ತದೆ, ಕಳೆ ಕಡಿಮೆಯಾಗುತ್ತದೆ, ಆದರೆ ತರಗು ಕೊಳೆಯುವ ಆರಂಭದಲ್ಲಿ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕ ಬಳಸಿಕೊಳ್ಳುವುದರಿಂದ ಕೂಳೆ ಬೆಳೆಗೆ ತಾತ್ಕಾಲಿಕ ಕೊರತೆ ಆಗಬಹುದು."

ಸಾಮಾನ್ಯವಾಗಿ ಜನ ಬರೆಯೋ ಸಾರ ಇದು: "ಕೊಯ್ಲಿನ ನಂತರ ತರಗಿಗೆ ಬೆಂಕಿ ಹಾಕದೆ ಸಾಲುಗಳ ಮಧ್ಯೆ ಹರಡಿದರೆ ಭೂಮಿಯ ತೇವ ಉಳಿಯುತ್ತದೆ, ಕಳೆ ತಗ್ಗುತ್ತದೆ, ಆದರೆ ಕೊಳೆಯುವ ಮೊದಲಲ್ಲಿ ಜೀವಾಣುಗಳು ನೈಟ್ರೋಜನ್ ತಿನ್ನುವುದರಿಂದ ಕೂಳೆಗೆ ಕೊರತೆ ಆಗುತ್ತದೆ."

ಪದ ಬದಲಾಗಿದೆ, ವಾಕ್ಯದ ಅಸ್ಥಿಪಂಜರ ಅದೇ ಇದೆ, ಯಾವುದರ ಹಿಂದೆ ಯಾವುದು ಅನ್ನೋದೂ ಅದೇ. ಅದಕ್ಕಿಂತ ಕೆಟ್ಟದ್ದು, 'ತಾತ್ಕಾಲಿಕ' ಹೋಯ್ತು, 'ಆಗಬಹುದು' ಅನ್ನೋದು 'ಆಗುತ್ತದೆ' ಆಯ್ತು. ಅವರು ಹೇಳದೇ ಇರೋದನ್ನ ಅವರ ಬಾಯಿಗೆ ಹಾಕಿದಂಗಾಯ್ತು.

ಈಗ ಸರಿಯಾಗಿ ಮಾಡೋದು. ಆ ಭಾಗ ಎರಡು ಸಲ ಓದಿ, ಪೇಪರ್ ಮುಚ್ಚಿ, ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬನ್ನಿ. ಆಮೇಲೆ ಪೇಪರ್ ನೋಡದೆ, ಮನೇಲಿ ತಮ್ಮನಿಗೆ ಹೇಳೋ ಥರ ಬರೀರಿ, ನಿಮ್ಮ ಪ್ರಶ್ನೆಗೆ ಬೇಕಾದ್ದು ಮೊದಲು. ಆ ಹುಡುಗಿ ಕೆಲಸ ಗೊಬ್ಬರದ ಮೇಲೆ, ಅದಕ್ಕೆ ಹೀಗೆ ಬರೆದಳು: "ಕೂಳೆಗೆ ಮೊದಮೊದಲು ಸಾರಜನಕ ಸಾಲದೇ ಬರಬಹುದು, ಯಾಕಂದ್ರೆ ಹೊದಿಸಿದ ತರಗನ್ನ ಕೊಳೆಸೋ ಸೂಕ್ಷ್ಮಜೀವಿಗಳೂ ಅದನ್ನೇ ಎಳ್ಕೊಳ್ತವೆ. ಇದು ತಾತ್ಕಾಲಿಕ. ತರಗು ಸುಡದೇ ಬಿಟ್ಟಿದ್ದರ ಲಾಭ ಅಂದ್ರೆ ತೇವ ಉಳಿಯೋದು, ಕಳೆ ಕಮ್ಮಿ ಆಗೋದು." ಪಕ್ಕದಲ್ಲಿ 'ಸಾ', ಪುಟ.

ಬರೆದ ಮೇಲೆ ಪೇಪರ್ ತೆಗೆದು ಎರಡು ವಿಷಯಕ್ಕೆ ಹೋಲಿಸಿ. ಅರ್ಥ ತಪ್ಪಿದ್ಯಾ, 'ಬಹುದು', 'ಕೆಲವು' ಥರದ ಪದ ಬಿಟ್ಟುಹೋಗಿದ್ಯಾ ನೋಡಿ. ಆಮೇಲೆ ಅವರ ಪದಗುಚ್ಛ ಹಾಗೇ ನುಸುಳಿದ್ಯಾ ನೋಡಿ, ನುಸುಳಿದ್ರೆ ಬದಲಾಯಿಸಿ ಇಲ್ಲಾ ಉದ್ಧರಣ ಚಿಹ್ನೆ ಹಾಕಿ. ಕೂಳೆ, ಸಾರಜನಕ ಇಂಥ ಶಾಸ್ತ್ರದ ಪದ ಬದಲಾಯಿಸೋಕೆ ಹೋಗ್ಬೇಡಿ, ಅದು ಯಾರ ಸ್ವತ್ತೂ ಅಲ್ಲ, ಬದಲಾಯಿಸಿದ್ರೆ ಅರ್ಥನೇ ಕೆಡುತ್ತೆ. ಪೇಪರ್ ಮುಚ್ಚಿ ಬರೆಯೋಕೆ ಬರ್ತಾನೇ ಇಲ್ಲ ಅಂದ್ರೆ ವಿಷಯ ಇನ್ನೂ ಅರ್ಥ ಆಗಿಲ್ಲ, ಮತ್ತೆ ಓದಿ.

ಕಾಪಿ ಹಿಡಿಯೋ ಸಾಫ್ಟ್‌ವೇರ್ ಬಗ್ಗೆ ಒಂದು ಮಾತು. ಯುಜಿಸಿಯ 2018ರ ನಿಯಮದಲ್ಲಿ ಥೀಸಿಸ್‌ನ ಹೋಲಿಕೆ 10%ವರೆಗೆ ಇದ್ರೆ ದಂಡ ಇಲ್ಲ, 10ರಿಂದ 40 ಆದ್ರೆ ತಿದ್ದಿ ಮತ್ತೆ ಸಲ್ಲಿಸಬೇಕು. ಆದ್ರೆ ಸಾಫ್ಟ್‌ವೇರ್ ನೋಡೋದು ಪದಗಳ ಹೋಲಿಕೆ. ಪೂರ್ತಿ ನಿಮ್ಮ ಮಾತಲ್ಲೇ ಬರೆದು ವಿಚಾರ ಯಾರದು ಅಂತ ಹೇಳದಿದ್ರೆ ರಿಪೋರ್ಟ್‌ನಲ್ಲಿ ಸೊನ್ನೆ ಬರಬಹುದು, ಆದ್ರೂ ಅದು ಕಳವೇ. ಹಾಗಾಗಿ 'ಸಾ' ಸಾಲಿಗೂ ಮೂಲ ಹಾಕ್ಲೇಬೇಕು.

ಗುರುತೇ ಇಲ್ಲದ ಹಳೇ ನೋಟ್ಸ್ ಇದ್ರೆ ಪ್ರತಿ ಸಾಲನ್ನೂ 'ಉ' ಅಂತಲೇ ಇಟ್ಕೊಳಿ, ಮೂಲ ಪೇಪರ್ ತೆಗೆದು ಹೋಲಿಸಿದ ಮೇಲಷ್ಟೇ ಬದಲಾಯಿಸಿ, ಮೂಲ ಸಿಗದ ಸಾಲನ್ನ ಥೀಸಿಸ್‌ಗೆ ತರಲೇಬೇಡಿ.